ಡೀಸೆಲ್ ತುಂಬಿದರೂ ಹೊರಡದ ಎಂಜಿನು

ಯರಗಟ್ಟಿಯ ಹಾದಿಯಲ್ಲಿ ಕಬ್ಬು ಹೇರಿದ ಹಳೆಯ ಟ್ರ್ಯಾಕ್ಟರೊಂದು ಡೀಸೆಲ್ ಮುಗಿದು ನಿಂತಿತೆನ್ನೋಣ. ಟ್ಯಾಂಕು ತುಂಬಿ ಎಷ್ಟು ಸ್ಟಾರ್ಟರು ತಿರುಗಿಸಿದರೂ ಎಂಜಿನು ಹೊರಡದು. ಹೊಗೆಯ ಸುಳಿವೂ ಇರದು. ಮಿಸ್ತ್ರಿಯು "ಏರ್ ಹಿಡದೈತಿ" ಎನ್ನುವನು. ಆ ಮಾತಿನಲ್ಲಿ ಬಾಯ್ಲನ ನಿಯಮವೇ ಅಡಗಿದೆ.

ಇಂಜೆಕ್ಟರಿನ ಬಾಯಿ ತೆರೆಯಲು ಸುಮಾರು 200 ವಾಯುಭಾರದಷ್ಟು ಒತ್ತಡ ಬೇಕು. ಡೀಸೆಲ್ ಬಹು ಸ್ವಲ್ಪವೇ ಕುಗ್ಗುವುದರಿಂದ ಪಂಪಿನ ಪ್ಲಂಜರು ಒತ್ತಿದೊಡನೆ ಆ ಒತ್ತಡವುಂಟಾಗುತ್ತದೆ. ಆದರೆ ಪ್ಲಂಜರಿನ ಮುಂದೆ 60 ಘನ ಮಿಲಿಮೀಟರು ಗಾಳಿಯಿದ್ದು, ಪ್ಲಂಜರು 40ರಷ್ಟು ಸ್ಥಳವನ್ನಾಕ್ರಮಿಸಿದರೆ, ಗಾಳಿಯು 20ಕ್ಕೆ ಕುಗ್ಗುವುದು. ಉಷ್ಣತೆಯ ಏರಿಕೆಯನ್ನು ಬಿಟ್ಟರೆ ಒತ್ತಡವು ಮೂರು ಪಟ್ಟು ಮಾತ್ರ! ಪ್ಲಂಜರು ಹಿಂದೆ ಸರಿದಾಗ ಅದೇ ಗಾಳಿ ಮತ್ತೆ ಹಿಗ್ಗುವುದು. ಹೀಗಿರುವಾಗ ಸ್ಟಾರ್ಟರನ್ನೇ ತಿರುಗಿಸುತ್ತಿದ್ದರೆ ಬ್ಯಾಟರಿ ಬಳಲುವುದಲ್ಲದೆ ಬೇರೆ ಫಲವಿಲ್ಲ.

ಆದುದರಿಂದ ಮೊದಲು ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಬೇಕು. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಹರಿದಾಗ ತಿರುಪನ್ನು ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನ ತಿರುಪಿನಲ್ಲಿಯೂ ಹೀಗೆಯೇ. ಕೊನೆಗೆ ಇಂಜೆಕ್ಟರಿಗೆ ಸೇರುವ ಕೊಳವೆಗಳ ನಟ್ಟುಗಳನ್ನು ಸಡಿಲಿಸಿ, ಡೀಸೆಲ್ ಚಿಮ್ಮುವವರೆಗೆ ಸ್ಟಾರ್ಟರು ತಿರುಗಿಸಿ, ಬಿಗಿಯಬೇಕು. ಅಲ್ಲಿ ಕೈಯೊಡ್ಡಬಾರದು; ಆ ಧಾರೆ ಚರ್ಮವನ್ನು ಭೇದಿಸಬಲ್ಲುದು. ಹೊರಟ ಎಂಜಿನು ಮತ್ತೆ ನಿಂತರೆ ಟ್ಯಾಂಕಿನಿಂದ ಬರುವ ಕೊಳವೆಯ ಯಾವುದೋ ಸಂದಿಯಲ್ಲಿ ಗಾಳಿ ನುಗ್ಗುತ್ತಿರಬಹುದು. ಇಂದಿನ ಕಾಮನ್ ರೈಲ್ ಎಂಜಿನುಗಳಲ್ಲಿಯಾದರೋ ಅಧಿಕ ಒತ್ತಡದ ನಟ್ಟುಗಳನ್ನು ಹೀಗೆ ಸಡಿಲಿಸಲೇ ಕೂಡದು.

ಬಾಯ್ಲನ ನಿಯಮವನ್ನು ಗಾಜಿನ ನಳಿಗೆಯಲ್ಲಿ ಮಾತ್ರ ತೋರಿಸಿದರೆ ಸಾಲದು. ಕಾಲೇಜಿನ ಅಂಗಳಕ್ಕೆ ಹಳೆಯ ಟ್ರ್ಯಾಕ್ಟರೊಂದನ್ನು ತರಿಸಿ, ಗಾಳಿ ತೆಗೆಯುವುದನ್ನೂ ವಿದ್ಯಾರ್ಥಿಗಳಿಗೆ ತೋರಿಸಬೇಕೆಂಬುದೇ ನನ್ನ ಅಭಿಪ್ರಾಯ.