‘ಎರಡೂ ಸರಿ’ ಎನ್ನುವ ಸೋಮಾರಿತನ

ಏಳುನೂರು ಪುಟದ ಒಂದು ಕನ್ನಡ ಗ್ರಂಥ. ಕರಡು ತಿದ್ದಲು ನಾಲ್ಕು ಜನ. ನಾಲ್ವರಿಗೂ ಕನ್ನಡ ಚೆನ್ನಾಗಿ ಬರುತ್ತದೆ, ಅನುಭವವೂ ಇದೆ. ಹಾಗಿದ್ದೂ ಅಚ್ಚಾಗಿ ಬಂದ ಪುಸ್ತಕದ ಮೊದಲ ಭಾಗದಲ್ಲಿ ‘ಅಂತರರಾಷ್ಟ್ರೀಯ’ ಎಂದಿರುತ್ತದೆ, ಎರಡನೆಯದರಲ್ಲಿ ‘ಅಂತಾರಾಷ್ಟ್ರೀಯ’, ಮೂರನೆಯದರಲ್ಲಿ ‘ಅಂತರ್ರಾಷ್ಟ್ರೀಯ’. ಒಬ್ಬರ ಪಾಲಿನ ಪುಟಗಳಲ್ಲಿ ‘ಪೊಲೀಸ್’, ಇನ್ನೊಬ್ಬರ ಪುಟಗಳಲ್ಲಿ ‘ಪೋಲೀಸ್’. ‘ಹತ್ತೊಂಬತ್ತನೇ ಶತಮಾನ’ ಎಂದು ಶುರುವಾದ ಅಧ್ಯಾಯ ‘ಹತ್ತೊಂಬತ್ತನೆಯ ಶತಮಾನ’ದಲ್ಲಿ ಮುಗಿಯುತ್ತದೆ. ಯಾಕೆ ಹೀಗೆ ಎಂದು ಕೇಳಿ ನೋಡಿ. ‘ಎರಡೂ ಸರಿ ಅಲ್ವಾ, ಬಿಡಿ ಸಾರ್’ ಎಂಬ ಉತ್ತರ ಬರುತ್ತದೆ.

ನಮ್ಮ ಕರಡು ತಿದ್ದುವ ಕೆಲಸವನ್ನು ಕೆಡಿಸಿರುವುದು ಈ ಮಾತೇ. ತಪ್ಪನ್ನು ಹಿಡಿಯುವುದು ಈ ಕೆಲಸದ ಅರ್ಧ ಮಾತ್ರ. ಸರಿಯಾದ ಎರಡು ರೂಪಗಳು ಎದುರಾದಾಗ ಒಂದನ್ನು ಆರಿಸುವುದು, ಆರಿಸಿದ್ದನ್ನು ಬರೆದಿಡುವುದು, ಕೊನೆಯ ಪುಟದವರೆಗೆ ಅದನ್ನೇ ಪಾಲಿಸುವುದು ಉಳಿದರ್ಧ. ಆ ಉಳಿದರ್ಧವನ್ನು ಮಾಡದೆ ‘ಎರಡು ಪ್ರೂಫ್ ನೋಡಿದ್ದೇವೆ’ ಎಂದು ಸಹಿ ಹಾಕುವವರು ಪ್ರಕಾಶಕರಿಗೂ ಓದುಗರಿಗೂ ಸುಳ್ಳು ಹೇಳುತ್ತಿದ್ದಾರೆ.

ಓದುಗನಿಗೆ ಅರ್ಥವಾಗುತ್ತದಲ್ಲ, ನಷ್ಟವೇನು ಎನ್ನುವವರು ಇಂಥ ಗ್ರಂಥದ ಪದಸೂಚಿಯನ್ನು ತೆರೆಯಬೇಕು. ಸಂಸ್ಥೆಯೊಂದರ ಇತಿಹಾಸ ಸಂಪುಟದಲ್ಲಿ ನಾನು ಕಂಡದ್ದು ಇದು: ‘ಕಲಬುರಗಿ’ ಎಂದು ಒಂದು ಸಾಲು, ಅದರ ಕೆಳಗೆ ‘ಕಲಬುರ್ಗಿ’, ‘ಗ’ ಅಕ್ಷರಕ್ಕೆ ಹೋದರೆ ‘ಗುಲಬರ್ಗಾ’, ಪಕ್ಕದಲ್ಲೇ ‘ಗುಲ್ಬರ್ಗ’. ನಾಲ್ಕು ಸಾಲಿಗೂ ಬೇರೆ ಬೇರೆ ಪುಟಸಂಖ್ಯೆ. ಆ ಜಿಲ್ಲೆಯ ಬಗ್ಗೆ ಹುಡುಕುವ ವಿದ್ಯಾರ್ಥಿ ಮೊದಲ ಸಾಲಿನ ಪುಟಗಳನ್ನು ನೋಡಿ, ಇಷ್ಟೇ ಇರುವುದು ಎಂದುಕೊಂಡು ಪುಸ್ತಕ ಮುಚ್ಚುತ್ತಾನೆ. ಮಿಕ್ಕ ಪುಟಗಳು ಅಲ್ಲೇ ಇದ್ದೂ ಅವನ ಪಾಲಿಗೆ ಇಲ್ಲ. ಪದಸೂಚಿ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಪಠ್ಯದಲ್ಲಿದ್ದುದನ್ನೇ ಅವರು ಎತ್ತಿಕೊಂಡರು.

ಇದನ್ನು ತಡೆಯಲು ಬೇಕಾದದ್ದು ಒಂದು ಪದಪಟ್ಟಿ. ಸ್ಟೈಲ್ ಶೀಟ್ ಎನ್ನಿ, ಏನಾದರೂ ಎನ್ನಿ. ಆದರೆ ನಮ್ಮಲ್ಲಿ ಪಟ್ಟಿ ಎಂದು ತೋರಿಸುವುದು ಏನನ್ನು? ಹಿರಿಯ ಪ್ರೂಫ್ ರೀಡರ್ ತಲೆಯಲ್ಲಿ ಇಟ್ಟುಕೊಂಡದ್ದನ್ನು, ಇಲ್ಲವೇ ವಾಟ್ಸಾಪ್ ಗುಂಪಿನಲ್ಲಿ ಎಂದೋ ಹಾಕಿದ ‘ಇನ್ಮೇಲೆ ತತ್ತ್ವ ಅಂತ ಹಾಕಿ’ ಎಂಬ ಸಂದೇಶವನ್ನು. ಆ ಸಂದೇಶ ಬಂದ ದಿನ ರಜೆಯಲ್ಲಿದ್ದವರಿಗೆ ಅದು ಗೊತ್ತಿಲ್ಲ. ಅದಕ್ಕೆ ಮೊದಲು ಮುಗಿದ ಹತ್ತು ಫಾರಂಗಳಿಗೆ ಅದು ತಾಗಿಲ್ಲ. ‘ಮಹತ್ವ’ಕ್ಕೂ ಅದೇ ನಿಯಮವೋ ಅಲ್ಲವೋ ಯಾರೂ ಹೇಳಿಲ್ಲ.

ಪಟ್ಟಿಯನ್ನು ಕೆಲಸ ಹಂಚುವ ಮೊದಲು ಶುರು ಮಾಡಬೇಕು. ಮೊದಲ ಎರಡು ಫಾರಂ, ಅಂದರೆ ಮೂವತ್ತೆರಡು ಪುಟಗಳನ್ನು ನಾಲ್ವರೂ ಓದಲಿ. ತಿದ್ದುವುದು ಬೇಡ. ಎರಡು ರೀತಿ ಬರೆಯಬಹುದಾದ ಪ್ರತಿ ಪದವನ್ನೂ ಗುರುತು ಹಾಕಲಿ. ಲೇಖಕರು ಹೆಚ್ಚಾಗಿ ಯಾವುದನ್ನು ಬಳಸಿದ್ದಾರೆ ಎಂಬುದನ್ನೂ ನೋಡಿಕೊಳ್ಳಲಿ. ಆಮೇಲೆ ಒಟ್ಟಿಗೆ ಕೂತು, ಒಂದು ನಿಘಂಟನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೇ ಇರಲಿ, ಬೇರೆಯದೇ ಇರಲಿ, ಕೊನೆಯವರೆಗೂ ಅದೊಂದೇ ಇರಬೇಕು. ಬೇಕಾದ ರೂಪ ಸಿಗುವ ತನಕ ನಿಘಂಟು ಬದಲಿಸುತ್ತ ಹೋಗುವುದು ತೀರ್ಮಾನವಲ್ಲ. ಆಸ್ಪತ್ರೆ, ಕಚೇರಿ, ಬ್ಯಾಂಕುಗಳಿಂದ ಬಂದ ಹೊಸ ಪದಗಳು ನಿಘಂಟಿನಲ್ಲಿ ಸಿಗದಿದ್ದರೆ ತಂಡವೇ ನಿರ್ಧರಿಸಬೇಕು: ‘ಬ್ಯಾಂಕ್’ ಎಂದು ಬರೆಯುತ್ತೇವೆಯೋ ‘ಬ್ಯಾಂಕು’ ಎಂದೋ, ‘ಸೆಪ್ಟೆಂಬರ್’ ಎಂದೋ ‘ಸಪ್ಟಂಬರ್’ ಎಂದೋ.

ಪಟ್ಟಿಯ ಒಂದು ನಮೂದು ಹೇಗಿರಬೇಕು ಎಂಬುದಕ್ಕೆ ಮೇಲಿನ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಆರಿಸಿದ ರೂಪ: ಕಲಬುರಗಿ. ಬಿಟ್ಟ ರೂಪಗಳು: ಕಲಬುರ್ಗಿ, ಗುಲಬರ್ಗಾ, ಗುಲ್ಬರ್ಗ. ಕಾರಣ: 2014ರ ನವೆಂಬರ್ 1ರಿಂದ ಇದೇ ಅಧಿಕೃತ ಹೆಸರು. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಿದರೆ ‘ಗುಲಬರ್ಗಾ ವಿಶ್ವವಿದ್ಯಾಲಯ’ವನ್ನು ಯಾರೋ ಒಬ್ಬರು ‘ಕಲಬುರಗಿ ವಿಶ್ವವಿದ್ಯಾಲಯ’ ಮಾಡುತ್ತಾರೆ, ಹಳೆಯ ಪತ್ರವೊಂದರ ಉದ್ಧರಣೆಯಲ್ಲೂ ಹೊಸ ಹೆಸರು ತುರುಕುತ್ತಾರೆ. ಆದ್ದರಿಂದ ನಾಲ್ಕನೆಯ ಅಂಕಣವೇ ಮುಖ್ಯ: ಎಲ್ಲಿ ಮುಟ್ಟಬಾರದು. ಉದ್ಧರಣೆ, ಪುಸ್ತಕದ ಶೀರ್ಷಿಕೆ, ಸಂಸ್ಥೆಯ ಹೆಸರು, ಆ ಕಾಲದ ಆಡಳಿತ ಘಟಕದ ಹೆಸರು. 1973ರ ನವೆಂಬರ್ 1ಕ್ಕೆ ಮೊದಲಿನ ಘಟನೆಯನ್ನು ಹೇಳುವಾಗ ‘ಮೈಸೂರು ರಾಜ್ಯ’ ಎಂದು ಲೇಖಕರು ಬರೆದಿದ್ದರೆ ಅದು ಸರಿಯೇ. ಅದನ್ನು ‘ಕರ್ನಾಟಕ’ ಎಂದು ತಿದ್ದುವವರು ತಪ್ಪನ್ನು ಹೊಸದಾಗಿ ಸೇರಿಸುತ್ತಿದ್ದಾರೆ. ಲೇಖಕರು ಬೇಕೆಂದೇ ಆರಿಸಿಕೊಂಡ ಬರವಣಿಗೆಗೂ ಇದೇ ಮಾತು. ಡಿ.ಎನ್. ಶಂಕರ ಭಟ್ಟರ ಹೊಸಬರಹದಲ್ಲಿ ಮಹಾಪ್ರಾಣ ಇರುವುದಿಲ್ಲ. ಆ ಪದ್ಧತಿಯಲ್ಲಿ ಬರೆದ ಲೇಖನಕ್ಕೆ ಕೂತು ಮಹಾಪ್ರಾಣ ಹಚ್ಚುವುದು ತಿದ್ದುವಿಕೆಯಲ್ಲ, ಅತಿಕ್ರಮಣ.

ಇನ್ನು ಎಲ್ಲಕ್ಕಿಂತ ಅಪಾಯಕಾರಿಯಾದ ಅಭ್ಯಾಸಕ್ಕೆ ಬರುತ್ತೇನೆ. ‘ಈಗ ಹೇಗಾದರೂ ಇರಲಿ, ಕೊನೆಗೆ ಒಂದು ಸಲ ಫೈಂಡ್-ರಿಪ್ಲೇಸ್ ಮಾಡಿದರಾಯಿತು.’ ಡಿಟಿಪಿ ಮಾಡುವವರಿಂದ ಸಂಪಾದಕರವರೆಗೆ ಎಲ್ಲರೂ ಇದನ್ನು ಹೇಳುತ್ತಾರೆ. ಹೇಳುವವರು ಕನ್ನಡ ಪದಗಳು ಹೇಗೆ ಕಟ್ಟಿಕೊಳ್ಳುತ್ತವೆ ಎಂದು ಒಂದು ಕ್ಷಣವೂ ಯೋಚಿಸಿಲ್ಲ.

ತಂಡ ‘ತತ್ತ್ವ’ ಎಂಬ ರೂಪವನ್ನು ಒಪ್ಪಿಕೊಂಡಿದೆ ಎನ್ನೋಣ. ತತ್ ಎಂಬುದಕ್ಕೆ ತ್ವ ಸೇರಿ ಆದದ್ದು ಅದು. ಅದರಲ್ಲಿ ಎರಡು ತಕಾರ ಉಳಿಯಬೇಕು ಎಂಬ ತೀರ್ಮಾನ. ಮಹತ್ ಮತ್ತು ಸತ್ ಕೂಡ ಹಾಗೆಯೇ ಮಹತ್ತ್ವ, ಸತ್ತ್ವ ಆಗುತ್ತವೆ. ಈಗ ‘ತತ್ವ’ ಇದ್ದಲ್ಲೆಲ್ಲ ‘ತತ್ತ್ವ’ ಹಾಕು ಎಂದು ಕಂಪ್ಯೂಟರಿಗೆ ಹೇಳಿದಿರಿ. ಅದು ‘ಅಮೃತತ್ವ’ವನ್ನೂ ಹಿಡಿದು ‘ಅಮೃತತ್ತ್ವ’ ಮಾಡುತ್ತದೆ. ಅಲ್ಲಿರುವುದು ಅಮೃತ ಎಂಬುದಕ್ಕೆ ಸೇರಿದ ತ್ವ. ಅಲ್ಲಿ ಮತ್ತೊಂದು ತಕಾರಕ್ಕೆ ಜಾಗವೇ ಇಲ್ಲ. ಇನ್ನೂ ಆತುರದವರು ‘ತ್ವ’ ಒಂದನ್ನೇ ಕೊಟ್ಟು ಬದಲಿಸಿದರೆ ನಾಯಕತ್ವ, ವ್ಯಕ್ತಿತ್ವ, ಮನುಷ್ಯತ್ವ ಎಲ್ಲವೂ ಕೆಟ್ಟು ಕೂರುತ್ತವೆ. ಲೇಖಕರು ಸರಿಯಾಗಿ ಬರೆದದ್ದನ್ನು ತಂಡ ಕೆಡಿಸಿದಂತಾಯಿತು.

ಎರಡನೆಯದು ಕಣ್ಣಿಗೆ ಸುಲಭವಾಗಿ ಬೀಳದ ತಪ್ಪು. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ: ಅನುಸ್ವಾರ `U+0C82`, ಅಂಕಿ ಸೊನ್ನೆ `U+0CE6`. ಟೈಪು ಮಾಡುವವರು ಅನುಸ್ವಾರದ ಬದಲು ಸೊನ್ನೆ ಒತ್ತಿದರೆ ‘ಸ೦ಬ೦ಧ’ ಎಂದಾಗುತ್ತದೆ. ಓದುವ ಕಣ್ಣು ಅದನ್ನು ‘ಸಂಬಂಧ’ ಎಂದೇ ಓದುತ್ತದೆ. ಕಡತದಲ್ಲಿ ‘ಸಂಬಂಧ’ ಎಂದು ಹುಡುಕಿದಾಗ ಆ ಪುಟಗಳು ಸಿಗದೇ ಹೋದಾಗಲೇ ಗೊತ್ತಾಗುವುದು. ಇದನ್ನು ಸರಿಪಡಿಸಲು ಸೊನ್ನೆ ಇದ್ದಲ್ಲೆಲ್ಲ ಅನುಸ್ವಾರ ಹಾಕಿದರೆ ಏನಾಗುತ್ತದೆ? ಪುಸ್ತಕದಲ್ಲಿ ಕನ್ನಡ ಅಂಕಿಯಲ್ಲಿರುವ, ಸೊನ್ನೆ ಇರುವ ಇಸವಿಗಳೆಲ್ಲ ಹಾಳಾಗುತ್ತವೆ. ‘೧೯೦೫’ರ ಮೂರನೆಯ ಅಂಕಿ ಅನುಸ್ವಾರವಾಗಿ ಕೂರುತ್ತದೆ. ಕಣ್ಣಿಗೆ ಆಗಲೂ ಅದು ಇಸವಿಯ ಹಾಗೆಯೇ ಕಾಣುವುದರಿಂದ ಯಾರೂ ಹಿಡಿಯುವುದಿಲ್ಲ. ಅಕ್ಷರ ಅಥವಾ ಸ್ವರಚಿಹ್ನೆಯ ಹಿಂದೆಯೇ ಬಂದ ಸೊನ್ನೆಯನ್ನು ಮಾತ್ರ ಹುಡುಕಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಲು ಬರುವ ಸಂಪಾದಕದಲ್ಲಿ ಹೀಗೆ:

```
([\u0C85-\u0CCC])\u0CE6
```

ಇಲ್ಲೂ ‘ಎಲ್ಲ ಬದಲಿಸು’ ಒತ್ತಬೇಡಿ. ‘ರೂ೦.೭೫’ ಎಂದು ಜಾಗ ಬಿಡದೆ ಟೈಪಾಗಿದ್ದರೆ ಅದೂ ಈ ಬಲೆಗೆ ಬೀಳುತ್ತದೆ, ಅದು ನಿಜವಾದ ಸೊನ್ನೆ. ಒಂದೊಂದನ್ನೇ ನೋಡಿ ಒಪ್ಪಬೇಕು. ನೂರಾರು ಸಿಕ್ಕರೂ ಒಂದು ಮಧ್ಯಾಹ್ನದ ಕೆಲಸ. ಅದನ್ನೂ ಮಾಡದವರಿಗೆ ಈ ವೃತ್ತಿ ಯಾಕೆ ಬೇಕು?

‘ರ‍್ಯಾಂಕ್’ ತರಹದ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಹಲಂತ ಚಿಹ್ನೆಯ ಮೊದಲು ಬಂತೋ ನಂತರ ಬಂತೋ ಎಂಬುದೂ ಹೀಗೆಯೇ ಹುಡುಕಾಟವನ್ನು ಕೆಡಿಸುತ್ತದೆ. ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ. ಬರೀ ರೂಪವನ್ನು ಬರೆದರೆ ಸಾಲದು, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಬೇಕೆಂದೂ ಬರೆಯಬೇಕು.

ಪಟ್ಟಿ ಒಬ್ಬರ ಕೈಯಲ್ಲಿರಬೇಕು. ನಾಲ್ವರೂ ಓದಬಹುದು, ಬರೆಯುವುದು ಒಬ್ಬರೇ. ಮಿಕ್ಕವರು ಹೊಸ ಪದ ಸಿಕ್ಕಾಗ ಪುಟಸಂಖ್ಯೆಯೊಂದಿಗೆ ಕೇಳಬೇಕು. ಉತ್ತರ ಬರುವ ತನಕ ಆ ಪದವನ್ನು ಮುಟ್ಟಬಾರದು, ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಿ ಮುಂದೆ ಹೋಗಬೇಕು. ಪ್ರತಿ ತೀರ್ಮಾನದ ಎದುರು ದಿನಾಂಕವಿರಬೇಕು. ದಿನಾಂಕ ಯಾಕೆಂದರೆ, ಮುನ್ನೂರನೆಯ ಪುಟದಲ್ಲಿ ‘ಇಲ್ಲದೇ’ ಬೇಡ, ‘ಇಲ್ಲದೆ’ ಸಾಕು, ದೀರ್ಘವನ್ನು ಒತ್ತಿ ಹೇಳುವ ಕಡೆ ಮಾತ್ರ ಇಟ್ಟುಕೊಳ್ಳೋಣ ಎಂದು ನಿರ್ಧರಿಸಿದರೆ, ಅದಕ್ಕೆ ಮೊದಲು ಮುಗಿದ ಪುಟಗಳಿಗೆ ಮತ್ತೆ ಹೋಗಲೇಬೇಕು. ಎಲ್ಲಿಯ ತನಕ ಹಿಂದೆ ಹೋಗಬೇಕು ಎಂಬುದನ್ನು ಹೇಳುವುದು ಆ ದಿನಾಂಕವೇ. ಮುಗಿದ ಫಾರಂಗೆ ವಾಪಸು ಹೋಗಲು ಮನಸ್ಸಿಲ್ಲದ ತಂಡ ಹೊಸ ತೀರ್ಮಾನವನ್ನೇ ತೆಗೆದುಕೊಳ್ಳಬಾರದು. ಅರ್ಧ ಪುಸ್ತಕಕ್ಕೆ ಒಂದು ನಿಯಮ, ಉಳಿದರ್ಧಕ್ಕೆ ಇನ್ನೊಂದು ಎಂಬುದಕ್ಕಿಂತ, ಇಷ್ಟವಿಲ್ಲದ ಹಳೆಯ ನಿಯಮವನ್ನೇ ಕೊನೆಯವರೆಗೆ ನಡೆಸುವುದು ಮೇಲು.

ಸಮಯವಿಲ್ಲ ಎನ್ನುವ ನೆಪವನ್ನು ನಾನು ಒಪ್ಪುವುದಿಲ್ಲ. ಅದೇ ‘ಅಂತರರಾಷ್ಟ್ರೀಯ’ದ ಬಗ್ಗೆ ಅದೇ ನಾಲ್ವರು ಮೂರು ಸಲ ವಾದಿಸಲು ಸಮಯವಿತ್ತು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಎರಡನೆಯ ಪ್ರೂಫ್‌ನಲ್ಲಿ ಮೊದಲಿನಂತೆ ಮಾಡಲು ಸಮಯವಿತ್ತು. ಕೂಲಿ ಕಡಿಮೆ ಎಂಬುದು ನಿಜವಾದ ದೂರು. ಪ್ರಕಾಶಕರು ಪದಪಟ್ಟಿಯ ಕೆಲಸಕ್ಕೆ ಬೇರೆಯಾಗಿ ಹಣ ಕೊಡಬೇಕು, ಕೊಡುವುದಿಲ್ಲ. ಆದರೆ ಅದನ್ನು ಕೇಳಿ ಪಡೆಯಬೇಕೇ ಹೊರತು, ಕೊಡಲಿಲ್ಲವೆಂದು ಪುಸ್ತಕವನ್ನು ಹಾಳು ಮಾಡುವ ಹಕ್ಕು ಯಾರಿಗೂ ಇಲ್ಲ.

ಸಂಪಾದಕರೇ, ಮುಂದಿನ ಗ್ರಂಥದ ಕೆಲಸ ಹಂಚುವಾಗ ಪ್ರೂಫ್ ಜೊತೆಗೆ ಪದಪಟ್ಟಿಯನ್ನೂ ಕೊಡಿ, ತಿದ್ದಿದ ಫಾರಂ ಬಂದಾಗ ಪಟ್ಟಿಗೆ ಸೇರಿದ ಹೊಸ ಸಾಲುಗಳನ್ನು ಕೇಳಿ. ಪಟ್ಟಿ ತೋರಿಸಲಾಗದ ತಂಡದ ಪ್ರೂಫ್‌ಗೆ ಅಚ್ಚಿನ ಆದೇಶ ಕೊಡಬೇಡಿ.