ರೋಗದ ಗುಟ್ಟು ಮತ್ತು ಕಚೇರಿಯ ಸುತ್ತೋಲೆ

ವಿಮಾ ಕಚೇರಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಆಂತರಿಕ ಸುತ್ತೋಲೆ ಹೊರಡುತ್ತದೆ. 'ಪಾಲಿಸಿದಾರರ ವೈದ್ಯಕೀಯ ವಿವರಗಳನ್ನು ಇ-ಮೇಲ್ ಮೂಲಕ ಕಳುಹಿಸುವಾಗ ಸಿಬ್ಬಂದಿಯವರು ಅತ್ಯಂತ ಜಾಗರೂಕತೆ ವಹಿಸತಕ್ಕದ್ದು' ಎಂಬುದು ಅದರ ಸಾರ. ಎಲ್ಲರೂ ಸಹಿ ಹಾಕುತ್ತಾರೆ. ಸುತ್ತೋಲೆ ಕಡತ ಸೇರುತ್ತದೆ. ಮರುದಿನ ಇ-ಮೇಲ್‌ಗಳು ಹಿಂದಿನಂತೆಯೇ ಹೋಗುತ್ತವೆ. ಇದರಲ್ಲಿ ಸಿಬ್ಬಂದಿಯ ತಪ್ಪಿಗಿಂತ ಸುತ್ತೋಲೆಯ ತಪ್ಪೇ ಹೆಚ್ಚು. ಜಾಗರೂಕತೆ ಎಂಬುದು ಆದೇಶದಿಂದ ಬರುವ ವಸ್ತುವಲ್ಲ. ಬ್ಯಾಂಕಿನಲ್ಲಿ ನಗದು ಗುಮಾಸ್ತನಿಗೆ ಯಾರೂ 'ಜಾಗರೂಕನಾಗಿರು' ಎಂದಷ್ಟೇ ಹೇಳಿ ಬಿಡುವುದಿಲ್ಲ. ವೋಚರಿಗೆ ಎರಡನೆಯ ಸಹಿ ಬೇಕು, ಸಂಜೆ ನಗದು ತಾಳೆಯಾಗಬೇಕು ಎಂದು ಕ್ರಮವನ್ನೇ ವಿಧಿಸಲಾಗಿದೆ. ರೋಗಿಯ ಗುಟ್ಟಿಗೂ ಅಂತಹುದೇ ಕ್ರಮ ಬೇಕು.

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಮಂದಿ ಉದ್ಯೋಗಸ್ಥರು. ಅವರ ಆರೋಗ್ಯವಿಮೆ ಸಾಮಾನ್ಯವಾಗಿ ಸಂಸ್ಥೆಯ ಸಾಮೂಹಿಕ ಪಾಲಿಸಿಯ ರೂಪದಲ್ಲಿರುತ್ತದೆ. ಆದಕಾರಣ ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಪರಿಶೀಲಿಸುವುದು ಉಪಯುಕ್ತ.

ಇನ್ನೂರು ನಲವತ್ತು ನೌಕರರಿರುವ ಒಂದು ಸಂಸ್ಥೆ. ಪಾಲಿಸಿಯ ನವೀಕರಣ ಹತ್ತಿರ ಬಂದಿದೆ. ಸಂಸ್ಥೆಯ ಸಿಬ್ಬಂದಿ ವಿಭಾಗದ ಅಧಿಕಾರಿ ವಿಮಾ ಕಚೇರಿಗೆ ಬರೆದು, ಈ ವರ್ಷ ವಿಭಾಗವಾರು ಎಷ್ಟು ಕ್ಲೈಮ್ ಪಾವತಿಯಾಗಿದೆ ಎಂದು ಕೇಳುತ್ತಾರೆ. ಕೇಳಿದ್ದು ಮೊತ್ತವನ್ನು ಮಾತ್ರ. ವಿಮಾ ಕಚೇರಿಯ ಗುಮಾಸ್ತನ ಬಳಿ ಇರುವ ಎಕ್ಸೆಲ್ ಪಟ್ಟಿಯಲ್ಲಾದರೋ ನೌಕರನ ಹೆಸರು, ರೋಗಿಯ ಸಂಬಂಧ, ವಯಸ್ಸು, ಆಸ್ಪತ್ರೆ, ರೋಗನಿರ್ಣಯ, ಮೊತ್ತ ಎಲ್ಲವೂ ಇವೆ. ಆತ ಅದರಿಂದ ಒಂದು ಪಿವಟ್ ಕೋಷ್ಟಕವನ್ನು ರಚಿಸಿ, ಮೂಲ ಹಾಳೆಯನ್ನು ಅಳಿಸಿ, ಕಡತವನ್ನು ಲಗತ್ತಿಸಿ ಕಳುಹಿಸುತ್ತಾನೆ. ಕಣ್ಣಿಗೆ ಕಾಣುವುದು ಐದಾರು ಸಾಲಿನ ಮೊತ್ತಗಳು ಮಾತ್ರ. ಆತ ಜಾಗರೂಕತೆಯನ್ನೇ ವಹಿಸಿದ್ದಾನೆ.

ಆದರೆ ಪಿವಟ್ ಕೋಷ್ಟಕವು ಸಾಮಾನ್ಯವಾಗಿ ತಾನು ಹುಟ್ಟಿದ ಮೂಲ ಪಟ್ಟಿಯ ಪ್ರತಿಯೊಂದನ್ನು ತನ್ನ ಒಡಲಲ್ಲಿಯೇ ಹೊತ್ತಿರುತ್ತದೆ. ಸಂಸ್ಥೆಯ ಅಧಿಕಾರಿ ಕುತೂಹಲಕ್ಕೆಂದು ಒಂದು ಮೊತ್ತದ ಮೇಲೆ ಎರಡು ಬಾರಿ ಒತ್ತಿದರೆ ಹೊಸ ಹಾಳೆಯೊಂದು ತೆರೆದು, ಆ ಮೊತ್ತದ ಹಿಂದಿನ ಸಾಲುಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಲೆಕ್ಕಪತ್ರ ವಿಭಾಗದ ನೌಕರನೊಬ್ಬ ಖಿನ್ನತೆಗಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಸಂಗತಿ, ಆತನ ಬಡ್ತಿಯನ್ನು ನಿರ್ಧರಿಸುವ ಮೇಜಿನ ಮೇಲೆಯೇ ಬಿದ್ದಂತಾಯಿತು. ಬಡ್ತಿ ತಪ್ಪಿದರೆ ಅದಕ್ಕೆ ಕಾರಣವನ್ನು ಯಾರೂ ಬರೆದಿಡುವುದಿಲ್ಲ. ಹಾನಿಗೆ ಸಾಕ್ಷಿಯೇ ಇರುವುದಿಲ್ಲ.

ಇದು ಕೇವಲ ಊಹೆಯ ಅಪಾಯವಲ್ಲ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯು ಮಾಹಿತಿ ಕೋರಿದ ಅರ್ಜಿಯೊಂದಕ್ಕೆ ಉತ್ತರವಾಗಿ ನೀಡಿದ ಇಂತಹುದೇ ಕಡತದಲ್ಲಿ ಮರೆಯಾಗಿದ್ದ ಹಾಳೆಯೊಂದು ಉಳಿದುಬಿಟ್ಟಿತ್ತು. ಒಂಬತ್ತು ಸಾವಿರಕ್ಕೂ ಮಿಕ್ಕಿದ ಅಧಿಕಾರಿ, ನೌಕರರ ಹೆಸರು ಮತ್ತು ಹುದ್ದೆಗಳು ಬಹಿರಂಗವಾದವು. ಮರುವರ್ಷ ಆ ಇಲಾಖೆಗೆ ಏಳೂವರೆ ಲಕ್ಷ ಪೌಂಡುಗಳ ದಂಡ ಬಿದ್ದಿತು. ಅಲ್ಲಿ ಯಾರೂ ಕಳ್ಳತನ ಮಾಡಿರಲಿಲ್ಲ. ಕಡತವನ್ನು ಕಳುಹಿಸಿದವರು ಒಳಗೇನಿದೆ ಎಂದು ನೋಡಿರಲಿಲ್ಲ, ಅಷ್ಟೇ.

ಆದ್ದರಿಂದ ಸುತ್ತೋಲೆಯ ಮೊದಲ ವಾಕ್ಯ ಹೀಗಿರಬೇಕು: ಕೇಳಿದ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟನ್ನು ಹೊಸ ಕಡತದಲ್ಲಿ ಬರೆದು ಕಳುಹಿಸತಕ್ಕದ್ದು, ಇರುವ ಕಡತದಿಂದ ಬೇಡದ್ದನ್ನು ಅಳಿಸಿ ಕಳುಹಿಸಕೂಡದು. ಮೊತ್ತಗಳನ್ನು ಹೊಸ ಎಕ್ಸೆಲ್ ಕಡತಕ್ಕೆ Paste Special ಆಜ್ಞೆಯ Values ಆಯ್ಕೆಯ ಮೂಲಕ ಇಳಿಸಿದರೆ ಅಂಕಿಗಳು ಮಾತ್ರ ಬರುತ್ತವೆ, ಅವುಗಳ ಪೂರ್ವೇತಿಹಾಸ ಬರುವುದಿಲ್ಲ. ಕಳುಹಿಸುವ ಮುನ್ನ Inspect Document ಎಂಬ ಸೌಲಭ್ಯವನ್ನು ನಡೆಸಿದರೆ ಮರೆಯಾದ ಸಾಲು, ಕಂಬ, ಹಾಳೆಗಳಿದ್ದರೆ ತಿಳಿಯುತ್ತದೆ.

ಆದರೆ ಯಂತ್ರ ಹಿಡಿಯಲಾರದ ದೋಷವೊಂದಿದೆ. ಹೆಸರನ್ನು ತೆಗೆದುಹಾಕಿದರೂ 'ಲೆಕ್ಕಪತ್ರ ವಿಭಾಗ, ಮಹಿಳೆ, ವಯಸ್ಸು 42' ಎಂದು ಉಳಿಸಿದರೆ ಆ ವಿಭಾಗದಲ್ಲಿ ಅಂತಹವರು ಒಬ್ಬರೇ ಇರಬಹುದು. ರೋಗದ ಹೆಸರಿನ ಬದಲು ಅಂತರರಾಷ್ಟ್ರೀಯ ಸಂಕೇತವನ್ನು ಬರೆದರೂ ಅದು ಮುಸುಕಲ್ಲ. F32 ಎಂದರೆ ಖಿನ್ನತೆ ಎಂಬುದನ್ನು ಯಾರು ಬೇಕಾದರೂ ಅರೆಗಳಿಗೆಯಲ್ಲಿ ಹುಡುಕಿಕೊಳ್ಳಬಹುದು. ಒಂದು ಸಾಲಿನಲ್ಲಿ ಐದಕ್ಕಿಂತ ಕಡಿಮೆ ಕ್ಲೈಮುಗಳಿದ್ದರೆ ಅದನ್ನು ಮತ್ತೊಂದು ಸಾಲಿನೊಡನೆ ಕೂಡಿಸಿಬಿಡುವುದೇ ಇದಕ್ಕೆ ಸರಳ ಉಪಾಯ.

ಎರಡನೆಯ ವಿಷಯ ಬೀಗದ್ದು. ಒಬ್ಬ ರೋಗಿಯ ಬಿಡುಗಡೆ ಪತ್ರ, ವೈದ್ಯರ ವರದಿ ಮುಂತಾದುವನ್ನು ಕಳುಹಿಸಲೇಬೇಕಾದ ಸಂದರ್ಭಗಳಿವೆ. ಆಗ ಲಗತ್ತಿಗೆ ಪಾಸ್‌ವರ್ಡ್ ಹಾಕುತ್ತಾರೆ. ಆದರೆ ಆ ಪಾಸ್‌ವರ್ಡನ್ನು ಅದೇ ಇ-ಮೇಲ್‌ನ ಕೆಳಗಡೆ ಬರೆಯುತ್ತಾರೆ. ಇದು ಬೀಗ ಹಾಕಿ ಕೀಲಿಯನ್ನು ಬೀಗಕ್ಕೇ ಕಟ್ಟಿದಂತೆ. ಪಾಸ್‌ವರ್ಡ್ ರೋಗಿಯ ಜನ್ಮದಿನಾಂಕವಾಗಿದ್ದರೂ ಪ್ರಯೋಜನ ಅಲ್ಪ. ಎಂಬತ್ತು ವರ್ಷಗಳ ದಿನಗಳೆಲ್ಲ ಸೇರಿ ಸುಮಾರು 29,220. ಇಷ್ಟನ್ನು ಒಂದೊಂದಾಗಿ ಪ್ರಯತ್ನಿಸುವುದು ಗಣಕಯಂತ್ರಕ್ಕೆ ದೊಡ್ಡ ಶ್ರಮವಲ್ಲ. ಮೇಲಾಗಿ ಸಿಬ್ಬಂದಿ ವಿಭಾಗಕ್ಕೆ ನೌಕರನ ಜನ್ಮದಿನಾಂಕ ಗೊತ್ತೇ ಇರುತ್ತದೆ. ಪಾಸ್‌ವರ್ಡ್ ಬೇರೆಯದೇ ಆಗಿರಬೇಕು ಮತ್ತು ಬೇರೆ ದಾರಿಯಲ್ಲಿ, ದೂರವಾಣಿಯಲ್ಲಿ, ಹೋಗಬೇಕು. ಆದರೂ ಇ-ಮೇಲ್‌ನ ವಿಷಯಸಾಲಿಗೆ ಯಾವ ಬೀಗವೂ ಇಲ್ಲವೆಂಬುದನ್ನು ಮರೆಯಬಾರದು. ಅಲ್ಲಿ ಕ್ಲೈಮ್ ಸಂಖ್ಯೆ ಸಾಕು. ರೋಗಿಯ ಹೆಸರೂ ರೋಗದ ಹೆಸರೂ ಬೇಡ.

ಮೂರನೆಯದು ವಿಳಾಸ. ಎರಡಕ್ಷರ ಒತ್ತುತ್ತಲೇ ಯಂತ್ರವೇ ಹೆಸರನ್ನು ಸೂಚಿಸುತ್ತದೆ. ರಾವ್, ಶೆಟ್ಟಿ, ಪಾಟೀಲರು ಹತ್ತಾರು ಮಂದಿ ಇರುವ ಊರಿನಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗುವುದು ಆಶ್ಚರ್ಯವಲ್ಲ. ಸಂಸ್ಥೆಯ ಹೊರಗಿನ ವಿಳಾಸಕ್ಕೆ ಹೋದ ಪತ್ರವನ್ನು ಹಿಂದಕ್ಕೆ ಕರೆಯುವ ಸೌಲಭ್ಯವನ್ನು ನೆಚ್ಚುವಂತಿಲ್ಲ. ಹೊರಕ್ಕೆ ಹೋಗುವ ಪ್ರತಿ ಪತ್ರವೂ ಎರಡು ನಿಮಿಷ ತಡೆದು ಹೊರಡುವಂತೆ ವ್ಯವಸ್ಥೆ ಮಾಡಬಹುದು. ಅನೇಕರ ವಿವರಗಳಿರುವ ಲಗತ್ತಾದರೆ ಇನ್ನೊಬ್ಬ ನೌಕರ ಅದನ್ನು ತೆರೆದು ನೋಡಿದ ನಂತರವೇ ಕಳುಹಿಸಬೇಕು. ವೋಚರಿಗೆ ಎರಡನೆಯ ಸಹಿ ಬೇಕೆಂದರೆ ಮನುಷ್ಯನ ಮಾನಕ್ಕೆ ಬೇಡವೆ?

ಇದರಿಂದ ಕೆಲಸ ನಿಧಾನವಾಗುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಆಸ್ಪತ್ರೆಯಲ್ಲಿ ರೋಗಿ ಮಲಗಿರುವಾಗ ಮಂಜೂರಾತಿಯ ಪತ್ರ ತಡವಾಗಕೂಡದು. ಆದರೆ ಅಂತಹ ತುರ್ತಿನ ಪತ್ರ ಒಬ್ಬ ರೋಗಿಯದಾಗಿದ್ದು, ಆಸ್ಪತ್ರೆಗೆ ಹೋಗುವಂತಹುದು. ಎರಡನೆಯ ತಪಾಸಣೆ ಬೇಕಾಗಿರುವುದು ಬಹುಮಂದಿಯ ಪಟ್ಟಿಗೆ. ಅದಕ್ಕೆ ಅಂತಹ ಅವಸರವೇನೂ ಇರುವುದಿಲ್ಲ.

ಕಾನೂನು ಈಗ ಬೆನ್ನ ಹಿಂದೆ ಬಂದು ನಿಂತಿದೆ. 2011ರ ನಿಯಮಗಳೇ ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿಯೆಂದು ಹೆಸರಿಸಿದ್ದವು. ಮಾನಸಿಕ ರೋಗಿಯ ವಿವರ ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯು ಕೊಟ್ಟ ಹಕ್ಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯು ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಸೂಚಿಸುತ್ತದೆ. ಈ ಭಯದಿಂದ ಕಚೇರಿಗಳು ಸುತ್ತೋಲೆಯ ಕೊನೆಗೆ 'ತಪ್ಪಿದವರ ಮೇಲೆ ಶಿಸ್ತುಕ್ರಮ' ಎಂದು ಸೇರಿಸುವ ಸಂಭವವಿದೆ. ಅದು ಅತ್ಯಂತ ಅಪಾಯಕರವಾದ ಸಾಲು. ಶಿಕ್ಷೆಗೆ ಹೆದರಿದ ಗುಮಾಸ್ತ ತಪ್ಪು ವಿಳಾಸಕ್ಕೆ ಹೋದ ಪತ್ರದ ಬಗೆಗೆ ಬಾಯಿ ಬಿಡುವುದಿಲ್ಲ. ಬೇಗ ತಿಳಿದರೆ ಪಡೆದವರಿಗೆ ಫೋನು ಮಾಡಿ ಅಳಿಸುವಂತೆ ಕೋರಬಹುದು, ರೋಗಿಗೂ ತಿಳಿಸಬಹುದು. ವಾರ ಕಳೆದರೆ ಅದು ಎಷ್ಟು ಕೈ ದಾಟಿತೋ ಬಲ್ಲವರಾರು? ಕೂಡಲೇ ತಿಳಿಸಿದವನಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟವನಿಗೆ ಉಂಟು ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳಬೇಕು.

ಪಾಲಿಸಿದಾರರಾದ ವಾಚಕರಿಗೂ ಇದರಲ್ಲಿ ಒಂದು ಪಾತ್ರವಿದೆ. ತಮ್ಮ ಸಂಸ್ಥೆಗೆ ವಿಮಾ ಕಚೇರಿಯಿಂದ ಬರುವ ಕ್ಲೈಮ್ ಪಟ್ಟಿಯಲ್ಲಿ ರೋಗನಿರ್ಣಯದ ಕಂಬವಿದೆಯೆ ಎಂದು ಸಿಬ್ಬಂದಿ ವಿಭಾಗವನ್ನು ಕೇಳುವ ಅಧಿಕಾರ ಅವರಿಗುಂಟು. ಇದ್ದರೆ, ಅದು ಯಾವ ಕೆಲಸಕ್ಕೆ ಬೇಕೆಂದು ಲಿಖಿತವಾಗಿ ಕೇಳಲಿ. ಉತ್ತರ ದೊರೆಯದ ಕಂಬವನ್ನು ಮುಂದಿನ ತಿಂಗಳಿನಿಂದ ಕೈಬಿಡುವುದೇ ನ್ಯಾಯ.