ಪ್ರಾಂಶುಪಾಲರಿಗೆ ಬರೆದರೆ ಸಾಲದು

ಸಹೋದ್ಯೋಗಿಯೊಬ್ಬ ಮಕ್ಕಳೊಡನೆ ಅನುಚಿತವಾಗಿ ವರ್ತಿಸುತ್ತಿರುವುದು ತಿಳಿದ ಶಿಕ್ಷಕಿ ಪ್ರಾಂಶುಪಾಲರಿಗೆ ಪತ್ರ ಬರೆಯುತ್ತಾಳೆ. ಅದಕ್ಕೆ ಬರುವ ಉತ್ತರ ನಮಗೆಲ್ಲ ಪರಿಚಿತವೇ: “ಆಡಳಿತ ಮಂಡಳಿಯಲ್ಲಿ ವಿಚಾರಿಸೋಣ, ವಿಷಯ ಹೊರಗೆ ಹೋಗುವುದು ಬೇಡ.” ಪತ್ರ ಕೊಟ್ಟವಳು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾಳೆ; ಪಡೆದವರು ಸಂಸ್ಥೆಯ ಮಾನ ಉಳಿಯಿತೆಂದುಕೊಳ್ಳುತ್ತಾರೆ. ವಿಷಯ ಲೈಂಗಿಕ ಕಿರುಕುಳವಾಗಿದ್ದರೆ ಇಬ್ಬರ ಎಣಿಕೆಯೂ ತಪ್ಪು.

ನಾನು ವಾಸಿಸುವ ಹೈದರಾಬಾದಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಬಂಜಾರಾ ಹಿಲ್ಸ್‌ನ ಡಿಎವಿ ಶಾಲೆಯ ಪ್ರಕರಣ ಬಯಲಾಯಿತು. ಪುಟ್ಟ ಬಾಲಕಿಯ ಮೇಲೆ ಶಾಲೆಯ ಆವರಣದಲ್ಲೇ ದೌರ್ಜನ್ಯ ನಡೆಸಿದವನು ಪ್ರಾಂಶುಪಾಲರ ಕಾರು ಚಾಲಕ. ಪ್ರಾಂಶುಪಾಲರೂ ಬಂಧಿತರಾದರು, ಸರ್ಕಾರ ಶಾಲೆಯ ಮಾನ್ಯತೆಯನ್ನು ರದ್ದುಪಡಿಸಲು ಆದೇಶಿಸಿತು. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಚಾಲಕನಿಗೆ 20 ವರ್ಷಗಳ ಶಿಕ್ಷೆ ವಿಧಿಸಿ, ಪ್ರಾಂಶುಪಾಲರನ್ನು ಖುಲಾಸೆಗೊಳಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ: ವಿಷಯ ಹೊರಬಂದದ್ದು ಶಾಲೆಯ ಸಿಬ್ಬಂದಿಯ ಪತ್ರದಿಂದಲ್ಲ, ಮನೆಯವರಿಗೆ ತಿಳಿದುದರಿಂದ.

ಕಾನೂನು ಏನು ಹೇಳುತ್ತದೆ? 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಆ ಕಲಮಿನಲ್ಲಿ ಪ್ರಾಂಶುಪಾಲರ ಹೆಸರೇ ಇಲ್ಲ. ತಿಳಿಸದವರಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಎರಡೂ ಇವೆ. ತನ್ನ ಅಧೀನದ ನೌಕರನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಸೆರೆವಾಸ ಒಂದು ವರ್ಷದವರೆಗೂ ಆಗಬಹುದು, ಜೊತೆಗೆ ದಂಡ. ಸದ್ಭಾವದಿಂದ ಮಾಹಿತಿ ನೀಡಿದವರ ಮೇಲೆ ಯಾವ ಹೊಣೆಯೂ ಬಾರದೆಂದು ಅದೇ 19ನೆಯ ಕಲಂ ಅಭಯ ನೀಡುತ್ತದೆ.

ಲೆಕ್ಕಪರಿಶೋಧಕರಿಗೂ ಇಂತಹ ಕರ್ತವ್ಯವೊಂದಿದೆ. ಕಂಪನಿಯ ನೌಕರರು ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮಿಗಿಲಾದ ವಂಚನೆ ಎಸಗಿದ್ದಾರೆಂದು ಕಂಡರೆ ನಾವು ಮೊದಲು ನಿರ್ದೇಶಕ ಮಂಡಳಿಗೆ ಬರೆಯುತ್ತೇವೆ, ಉತ್ತರಕ್ಕೆ 45 ದಿನ ಕಾಯುತ್ತೇವೆ, ಆಮೇಲೆ ಕೇಂದ್ರ ಸರ್ಕಾರಕ್ಕೆ ವರದಿ ಕಳುಹಿಸುತ್ತೇವೆ. ಹಣದ ವಿಷಯದಲ್ಲಿ ಕಾಯಲು ಅವಕಾಶ ಕೊಟ್ಟ ಶಾಸನವು ಮಗುವಿನ ವಿಷಯದಲ್ಲಿ ಅಂತಹ ಯಾವ ಅವಧಿಯನ್ನೂ ಕೊಟ್ಟಿಲ್ಲ. ಆಂತರಿಕ ವಿಚಾರಣೆ ಮುಗಿಯಲಿ ಎಂಬ ನೆಪಕ್ಕೆ ಅಲ್ಲಿ ಎಡೆಯಿಲ್ಲ.

ಹಾಗೆಂದು ಪತ್ರ ವ್ಯರ್ಥವಲ್ಲ. ಮುಂದೆ ಅದೇ ಸಾಕ್ಷ್ಯವಾದೀತು. ಆದ್ದರಿಂದ ಬರೆಯುವ ರೀತಿ ಮುಖ್ಯ. “ಅವರ ನಡತೆ ಸರಿಯಿಲ್ಲವೆಂದು ಎಲ್ಲರೂ ಹೇಳುತ್ತಾರೆ” ಎಂಬ ವಾಕ್ಯದಿಂದ ಏನೂ ಸಿದ್ಧಿಸದು. “ಇಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿನಿ ನನಗೆ ಹೀಗೆ ಹೇಳಿದಳು” ಎಂದು ಆರಂಭಿಸಿ, ಅವಳಾಡಿದ ಮಾತನ್ನು ಅವಳದೇ ನುಡಿಯಲ್ಲಿ ಬರೆಯಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ವಿಂಗಡಿಸಬೇಕು. ದಿನಾಂಕ, ವೇಳೆ, ಸ್ಥಳ ಇರಬೇಕು. ಪೊಲೀಸರಿಗೂ ತಿಳಿಸಿರುವುದಾಗಿ ಕೊನೆಯಲ್ಲಿ ಹೇಳಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಬೇಕು. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬಾರದು. ಹೇಳಿಕೆ ಪಡೆಯುವುದು ತನಿಖಾಧಿಕಾರಿಯ ಕೆಲಸ. ಅದನ್ನೂ ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರವಿಲ್ಲದೆ ಪಡೆಯಬೇಕೆಂಬ ನಿಯಮವಿದೆ. ಮಗುವಿನ ಹೆಸರು ಸಮಾಜದ ವಾಟ್ಸಾಪ್ ಗುಂಪಿಗೆ ಎಂದಿಗೂ ಹೋಗಕೂಡದು.

ಇನ್ನು ನಮ್ಮವರೇ ಎತ್ತುವ ಆಕ್ಷೇಪ: ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಸಾಧರ್ಮಿಯ ದೋಷವನ್ನು ಮುಚ್ಚಬೇಕಲ್ಲವೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಉಪಗೂಹನವು ಅಜ್ಞರಿಂದಲೂ ಅಶಕ್ತರಿಂದಲೂ ಶುದ್ಧವಾದ ಮಾರ್ಗಕ್ಕೆ ತಗಲುವ ಅಪವಾದವನ್ನು ನೀಗುವುದು. ಮಕ್ಕಳ ಮೇಲೆ ಅಧಿಕಾರವುಳ್ಳ ಶಿಕ್ಷಕ ಅಜ್ಞನೂ ಅಲ್ಲ, ಅಶಕ್ತನೂ ಅಲ್ಲ. ಈ ಅಂಗಕ್ಕೆ ನಿದರ್ಶನವಾದ ಜಿನೇಂದ್ರಭಕ್ತ ಶ್ರೇಷ್ಠಿ, ವೇಷಧಾರಿ ಕಳ್ಳನನ್ನು ಭಟರೆದುರು ಬಿಟ್ಟುಕೊಡದಿದ್ದರೂ ತನ್ನ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಅಲ್ಲಿ ಅಪಾಯಕ್ಕೊಳಗಾದದ್ದು ಅವನ ಮನೆಯ ಜಿನಾಲಯದ ರತ್ನ; ಇಲ್ಲಿ ಪರರ ಮಗು. ಪರರಿಗಾದ ಹಿಂಸೆಯನ್ನು ಕ್ಷಮಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಸಂತ್ರಸ್ತೆಯ ತಂದೆಗೂ ಆ ಅಧಿಕಾರವಿಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು, ಬಾಲಕಿಯ ತಂದೆಯೊಡನೆ ರಾಜಿಯಾಯಿತೆಂಬ ಕಾರಣಕ್ಕೆ ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿ ವಿಚಾರಣೆ ಮುಂದುವರಿಯಲೆಂದಿತು.

ಮಗುವನ್ನು ವಸತಿಶಾಲೆಗೆ ಸೇರಿಸುವಾಗ ಊಟ ಸಾತ್ತ್ವಿಕವೇ, ಬಸದಿ ಸಮೀಪವಿದೆಯೇ ಎಂದು ನಾವು ವಿಚಾರಿಸುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಇಲ್ಲಿಯ ಶಿಕ್ಷಕರು ಇಂತಹ ದೂರು ಬರೆದರೆ, ಅದು ಯಾರ ಮೇಜಿನ ಮೇಲೆ ನಿಲ್ಲುತ್ತದೆ?